ಕೇಳಿದ್ದು 30 ಸಾವಿರ, ಮೇಷ್ಟ್ರ ಹತ್ತಿರ ಇರುವುದು 18: ದರ ಇಳಿಸಲಾ, ಕೆಲಸ ಇಳಿಸಲಾ?

ಅಕ್ಷರದಂಗಡಿ

ಮೈಸೂರಿನಲ್ಲಿ ಮನೆಯಿಂದಲೇ ಪುಸ್ತಕಗಳ ಡಿಟಿಪಿ, ಪುಟವಿನ್ಯಾಸ ಮಾಡುತ್ತೇನೆ. ಶುರು ಮಾಡಿ ಮೂರು ವರ್ಷ ಆಯಿತು. ಹೋದ ವಾರ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು ತಮ್ಮ ಆತ್ಮಕತೆ ತಂದರು. ಸ್ವಂತ ಖರ್ಚಿನಲ್ಲಿ ಪುಸ್ತಕ ಮಾಡಿಸುತ್ತಿದ್ದಾರೆ. ಊರಿನ ಅಂಗಡಿಯೊಂದರಲ್ಲಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ ವರ್ಡ್ ಫೈಲ್ ಇದೆ. ಡೆಮಿ 1/8 ಅಳತೆಯ ಪುಸ್ತಕಕ್ಕೆ ಲೆಕ್ಕ ಹಾಕಿದರೆ 224 ಪುಟ ಆಗುತ್ತದೆ.

ನಾನು ಕೊಟ್ಟ ಎಸ್ಟಿಮೇಟ್ ಹೀಗಿತ್ತು. ನುಡಿಯಿಂದ ಯೂನಿಕೋಡಿಗೆ ತಂದು ಶುಚಿ ಮಾಡಲು 3,000. ಪುಟವಿನ್ಯಾಸ ಪುಟಕ್ಕೆ 45ರಂತೆ 10,080. ಕರಡು ತಿದ್ದಲು ಪುಟಕ್ಕೆ 20ರಂತೆ 4,480. ಮುಖಪುಟ, ಮೂರು ನಮೂನೆ ತೋರಿಸಿ, 6,000. ಹಳೆಯ ಫೋಟೋ 32 ಇವೆ, ಸ್ಕ್ಯಾನ್ ಮಾಡಿ ಸರಿಪಡಿಸಲು ತಲಾ 100, ಅಂದರೆ 3,200. ಇ-ಬುಕ್ 3,500. ಎಲ್ಲ ಸೇರಿ 30,260.

ಮೇಷ್ಟ್ರು ಒಂದು ದಿನ ಬಿಟ್ಟು ಫೋನ್ ಮಾಡಿ, "ಅಮ್ಮಾ, ಪ್ರಿಂಟಿಂಗಿಗೆ ಬೇರೆ ದುಡ್ಡು ಎತ್ತಿಟ್ಟಿದ್ದೀನಿ. ನಿನಗೆ ಕೊಡೋಕೆ ಇರೋದು ಹದಿನೆಂಟೇ ಸಾವಿರ" ಎಂದರು. ಚೌಕಾಸಿ ಮಾಡುವ ಧ್ವನಿ ಅಲ್ಲ ಅದು. ನಿಜವಾಗಿಯೂ ಅಷ್ಟೇ ಇದೆ ಅನ್ನಿಸಿತು. ಪುಟಕ್ಕೆ 45ನ್ನು 27 ಮಾಡಿ, ಉಳಿದದ್ದನ್ನೂ ಅದೇ ಲೆಕ್ಕದಲ್ಲಿ ಇಳಿಸಿದರೆ 18 ಸಾವಿರಕ್ಕೆ ಬರುತ್ತದೆ. ಹಾಗೆ ಮಾಡಿಬಿಡೋಣ ಅಂತ ಅರ್ಧ ಮನಸ್ಸಾಗಿದೆ. ನೀವಾದರೆ ಏನು ಉತ್ತರ ಕೊಡುತ್ತಿದ್ದಿರಿ?

ದಾರಿಹೋಕ

ದರ ಮುಟ್ಟಬೇಡಿ. ನಾನು ವೆಬ್‌ಸೈಟ್ ಕೆಲಸ ಮಾಡುವವನು, ನಿಮ್ಮ ಕ್ಷೇತ್ರ ಗೊತ್ತಿಲ್ಲ. ಆದರೆ ಈ ಲೆಕ್ಕ ಎಲ್ಲ ಕಡೆ ಒಂದೇ. ಇವತ್ತು 27ಕ್ಕೆ ಮಾಡಿದರೆ ಮೇಷ್ಟ್ರ ಸ್ನೇಹಿತರು ನಾಳೆ 27ಕ್ಕೇ ಕೇಳುತ್ತಾರೆ. ನಿವೃತ್ತ ಮೇಷ್ಟ್ರುಗಳು ಒಬ್ಬೊಬ್ಬರೇ ಇರುವುದಿಲ್ಲ, ಗುಂಪಾಗಿ ಇರುತ್ತಾರೆ! ಬೆಳಿಗ್ಗೆ ಪಾರ್ಕಿನಲ್ಲಿ ಎಲ್ಲರಿಗೂ ರೇಟು ಗೊತ್ತಾಗುತ್ತದೆ.

ಅದರ ಬದಲು ಕೆಲಸ ಕಡಿಮೆ ಮಾಡಿ. ಮೊದಲು ಆ ಕನ್ವರ್ಶನ್ ತೆಗೆಯಿರಿ. ಆನ್‌ಲೈನಿನಲ್ಲಿ ಪುಕ್ಕಟೆ ಕನ್ವರ್ಟರ್ ಇರುವಾಗ ಅದಕ್ಕೆ 3,000 ಯಾಕೆ? ಅವರೇ ಮಾಡಿಕೊಂಡು ಬರಲಿ. ಕರಡು ತಿದ್ದುವುದನ್ನೂ ತೆಗೆಯಿರಿ, ಮೇಷ್ಟ್ರಿಗೆ ನಿಮಗಿಂತ ಚೆನ್ನಾಗಿ ಕನ್ನಡ ಬರುತ್ತದೆ. ಇ-ಬುಕ್ಕೂ ಬೇಡ. ಅಲ್ಲಿಗೆ ಹತ್ತಿರ ಹತ್ತಿರ 11 ಸಾವಿರ ಇಳಿಯಿತು ಅಲ್ವಾ?

ಮಲ್ನಾಡ್ ಮಳೆ

18 ಸಾವಿರಕ್ಕೆ 224 ಪುಟದ ಪುಸ್ತಕ ಆರಾಮಾಗಿ ಆಗುತ್ತದೆ ರೀ. 1000 ಪ್ರತಿ ಹಾಕಿಸಬೇಡಿ, ಡಿಜಿಟಲ್‌ನಲ್ಲಿ 100 ಪ್ರತಿ ಹಾಕಿಸಿ. ನೆಂಟರಿಗೆ ಹಂಚಲು ಅಷ್ಟು ಸಾಕು.

ಅಕ್ಷರದಂಗಡಿ

ಮಳೆಯವರೇ, ಇದು ಮುದ್ರಣದ ಖರ್ಚಲ್ಲ. ಅಚ್ಚಿಗೆ ಹೋಗುವ ಮೊದಲಿನ ಕೆಲಸದ ದುಡ್ಡು. ಪ್ರತಿ 100 ಆದರೂ 1000 ಆದರೂ ನನ್ನ ಕೆಲಸ ಒಂದೇ.

ಹಳೇಮೊಳೆ

ನಾನು ಮೊಳೆ ಜೋಡಿಸುವ ಕಾಲದಿಂದ ಪ್ರೆಸ್ಸಿನಲ್ಲಿದ್ದವನು. ದಾರಿಹೋಕರು ಹೇಳಿದ್ದರಲ್ಲಿ ಅರ್ಧ ಸರಿ. ದರ ಇಳಿಸಬಾರದು, ಕೆಲಸ ಇಳಿಸಬೇಕು, ಅದು ಸರಿ. ಆದರೆ ಯಾವುದನ್ನು ಇಳಿಸಬೇಕು ಅನ್ನುವಲ್ಲಿ ಎಡವಿದ್ದಾರೆ.

ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಕೆಲಸ ಬಿಟ್ಟರೆ ಅದು ತಿರುಗಿ ನನ್ನ ಮೇಜಿಗೇ ಬರುತ್ತದಾ? ಬರುವುದಾದರೆ ಅದನ್ನು ಬಿಟ್ಟ ಹಾಗಲ್ಲ, ದುಡ್ಡಿಲ್ಲದೆ ಮಾಡಲು ಒಪ್ಪಿದ ಹಾಗೆ. ಕನ್ವರ್ಶನ್ ಅಂಥ ಕೆಲಸ.

ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಫೈಲಿನ ಒಳಗೆ ಕನ್ನಡ ಇರುವುದೇ ಇಲ್ಲ. ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಇರುತ್ತವೆ, ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡ ಅನ್ನುವ ಪದ `PÀ£ÀßqÀ` ಅಂತ ಕಾಣುವುದು ಅದಕ್ಕೇ. ಮೇಷ್ಟ್ರು ತಮ್ಮ ಕತೆಯಲ್ಲಿ ಎಸ್ಸೆಸ್ಸೆಲ್ಸಿ, ಬಿ.ಎಡ್, ಡಿಡಿಪಿಐ ಅಂತೆಲ್ಲ ಇಂಗ್ಲಿಷಿನಲ್ಲಿ ಬರೆಸಿರುತ್ತಾರೆ. ಕನ್ವರ್ಟರಿನ ಪೆಟ್ಟಿಗೆಗೆ ಬರೀ ಪಠ್ಯ ಅಂಟಿಸಿದರೆ ಫಾಂಟ್ ಯಾವುದು ಅನ್ನುವ ಗುರುತು ಅಳಿಸಿಹೋಗುತ್ತದೆ. ಆಗ ಆ ಇಂಗ್ಲಿಷ್ ಪದಗಳೂ ಕನ್ನಡವಾಗಿ ಬದಲಾಗಿ, ಯಾವ ಭಾಷೆಯೂ ಅಲ್ಲದ ಅಕ್ಷರಗಳು ಬಂದು ಕೂರುತ್ತವೆ. ಅದನ್ನು ಸರಿ ಮಾಡುವವರು ಯಾರು? ಮೇಷ್ಟ್ರಲ್ಲ, ನೀವೇ.

ವರ್ಡ್‌ನಲ್ಲೇ ಮೊದಲು `Nudi 01 e` ಯಾವ ಯಾವ ಸಾಲಿನಲ್ಲಿದೆ ಎಂದು ಫಾಂಟ್ ಹೆಸರಿನಿಂದ ಹುಡುಕಿ, ಅಷ್ಟನ್ನು ಮಾತ್ರ ಬದಲಾಯಿಸಬೇಕು. ಟೈಪ್ ಮಾಡಿದವರು ಎಷ್ಟು ಫಾಂಟ್ ಬೆರೆಸಿದ್ದಾರೋ ಅಷ್ಟು ಸಲ ಹುಡುಕಬೇಕು. ಇಷ್ಟಾದರೂ ಒಂದು ಕಳ್ಳ ಉಳಿದಿರುತ್ತಾನೆ. ಕೆಲವರು ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಒತ್ತಿರುತ್ತಾರೆ. "ಅಂಗಡಿ" ಮತ್ತು "ಅ೦ಗಡಿ" ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಕಣ್ಣಿಗೆ ಸುಲಭವಾಗಿ ಗೊತ್ತಾಗುವುದಿಲ್ಲ. ಫಾಂಟ್ ಬದಲಾಯಿಸಿದ ತಕ್ಷಣ ಎರಡನೆಯದರ ಸೊನ್ನೆ ದೊಡ್ಡದಾಗಿ ಎದ್ದು ಕಾಣುತ್ತದೆ. ಈ ಕೆಲಸಕ್ಕೆ 3,000 ಜಾಸ್ತಿ ಅಲ್ಲ.

ದಾರಿಹೋಕ

ಒಪ್ಪಿದೆ. ಪುಕ್ಕಟೆ ಕನ್ವರ್ಟರ್ ಮಾತು ವಾಪಸ್. ಆದರೆ ಕರಡು?

ಹಳೇಮೊಳೆ

ಕರಡು ಬಿಡಬಹುದು, ಜಾಗ ನೋಡಿ ಬಿಡಬೇಕು. ಒಮ್ಮೆ ನಾನು ಒಬ್ಬ ಲೇಖಕರಿಗೆ "ಕರಡು ನೀವೇ ನೋಡಿಕೊಳ್ಳಿ" ಅಂದುಬಿಟ್ಟೆ. ಯಾವಾಗ ನೋಡಬೇಕು ಅಂತ ಹೇಳಲಿಲ್ಲ. 208 ಪುಟದ ಪುಸ್ತಕ, ಒಟ್ಟಿಗೆ ಅಚ್ಚಾಗುವ ಹದಿನಾರು ಪುಟಕ್ಕೆ ಒಂದು ಫಾರಂ ಅಂದರೆ 13 ಫಾರಂ, ಸರಿಯಾಗಿ ಕೂತಿತ್ತು. ಪುಟ ಕಟ್ಟಿ ಕಳಿಸಿದ ಮೇಲೆ ಅವರು ಕೆಂಪು ಪೆನ್ನು ಹಿಡಿದು ಕೂತರು. ಅಕ್ಷರ ತಪ್ಪು ತಿದ್ದಿದ್ದರೆ ಸರಿ. ಅವರು ಪ್ಯಾರಾಗಳನ್ನೇ ಸೇರಿಸಿದರು. ಅತ್ತಿಗೆಯ ಹೆಸರು ಬಿಟ್ಟುಹೋಗಿದೆ, ಮಾವನ ಉಪಕಾರ ಹೇಳಿಲ್ಲ, ಹೀಗೆ. 208 ಹೋಗಿ 211 ಆಯಿತು. ಮೂರು ಪುಟಕ್ಕೆ ಇನ್ನೊಂದು ಫಾರಂ ಹಾಕಿಸಲು ಅವರು ಒಪ್ಪಲಿಲ್ಲ. ಮೂರು ಪುಟ ಒಳಗೆ ತುರುಕಲು ನಾನು ಇಡೀ ಪುಸ್ತಕದ ಸಾಲು ಬಿಗಿ ಮಾಡಿದೆ. ಪರಿವಿಡಿಯ ಪುಟಸಂಖ್ಯೆ ಎಲ್ಲ ಮತ್ತೆ ಹಾಕಿದೆ. ಕರಡು ತಿದ್ದಲು ಬಿಟ್ಟುಕೊಟ್ಟ ದುಡ್ಡಿಗಿಂತ ಎರಡರಷ್ಟು ಹೊತ್ತು ಹೋಯಿತು.

ಆದ್ದರಿಂದ ಕರಡನ್ನು ಬಿಡುವುದಾದರೆ ಪುಟ ಕಟ್ಟುವ ಮೊದಲೇ ಅವರಿಂದ ಮುಗಿಸಿಕೊಳ್ಳಿ. ನೀವು ಕನ್ವರ್ಟ್ ಮಾಡಿದ ಫೈಲನ್ನು ದೊಡ್ಡ ಅಕ್ಷರದಲ್ಲಿ, ಸಾಲಿನ ನಡುವೆ ಜಾಗ ಬಿಟ್ಟು, ಎ4 ಹಾಳೆಯಲ್ಲಿ ಪ್ರಿಂಟ್ ತೆಗೆಸಿ ಕೊಡಿ. ಸೇರಿಸುವುದು, ತೆಗೆಯುವುದು ಎಲ್ಲ ಅದರಲ್ಲೇ. ಪುಟ ಕಟ್ಟಿದ ಮೇಲೆ ಅಕ್ಷರ ತಪ್ಪು ಮಾತ್ರ, ಎರಡು ಸುತ್ತು. ಅದಕ್ಕಿಂತ ಜಾಸ್ತಿ ಆದರೆ ಬದಲಾದ ಪುಟಕ್ಕೆ ಇಷ್ಟು ಅಂತ ಮೊದಲೇ ಬರೆದುಬಿಡಿ.

ಕ್ಯಾಮೆರಾ ಚೀಲ

ನಾನು ಮದುವೆ ಫೋಟೋದವನು. ನಂದೂ ಒಂದು ಕತೆ ಕೇಳಿ. ದಾವಣಗೆರೆ ಕಡೆಯ ಒಂದು ಮದುವೆ, ಬಜೆಟ್ ಕಡಿಮೆ. ದರ ಇಳಿಸದೆ ಎರಡನೇ ಕ್ಯಾಮೆರಾ ತೆಗೆದೆ. ಬುದ್ಧಿವಂತ ಕೆಲಸ ಮಾಡಿದೆ ಅಂದುಕೊಂಡಿದ್ದೆ. ತಾಳಿ ಕಟ್ಟುವ ಹೊತ್ತಿಗೆ ಹುಡುಗಿಯ ಸೋದರಮಾವ ಅಕ್ಷತೆ ಹಾಕಲು ಎದ್ದು ನನ್ನ ಮುಂದೆ ನಿಂತರು. ಇನ್ನೊಂದು ಕಡೆಯಿಂದ ತೆಗೆಯುವವರು ಯಾರೂ ಇಲ್ಲ. ಸಿಕ್ಕಿದ್ದು ಮಾವನ ಬೆನ್ನು.

"ಒಂದೇ ಕ್ಯಾಮೆರಾಕ್ಕೆ ದುಡ್ಡು ಕೊಟ್ಟಿದ್ವಿ" ಅಂತ ಯಾರೂ ಹೇಳಲಿಲ್ಲ. "ಆ ಫೋಟೋದವನು ತಾಳಿ ಕಟ್ಟೋದನ್ನೇ ಬಿಟ್ಟ" ಅಂತ ಹೇಳಿದರು. ಈಗಲೂ ಹೇಳುತ್ತಾರೆ. ಅಲ್ಲಿಂದ ಮುಂದೆ ಆಲ್ಬಂ ತೆಗೆಯುತ್ತೇನೆ, ರಿಸೆಪ್ಶನ್ ತೆಗೆಯುತ್ತೇನೆ, ಮುಹೂರ್ತವನ್ನು ಮಾತ್ರ ತೆಳುವಾಗಲು ಬಿಡುವುದಿಲ್ಲ. ಒಂದು ಭಾಗವನ್ನು ಪೂರ್ತಿ ತೆಗೆದರೆ ಜನಕ್ಕೆ ಅರ್ಥ ಆಗುತ್ತದೆ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ನೀರು ಮಾಡಿದರೆ ನಿಮ್ಮ ಕೈಯೇ ಕೆಟ್ಟದ್ದು ಅಂದುಕೊಳ್ಳುತ್ತಾರೆ.

ಹಳೇಮೊಳೆ

ಸರಿಯಾಗಿ ಹೇಳಿದಿರಿ. ಪುಸ್ತಕದಲ್ಲಿ ಮುಹೂರ್ತ ಅಂದರೆ ಒಳಪುಟ. "ಪುಟವಿನ್ಯಾಸ" ಅಂತ ನಿಮ್ಮ ಹೆಸರು ಹಾಕುವುದು ಅದಕ್ಕೇ. ಇಂಡಿಸೈನ್‌ನಲ್ಲಿ ಒತ್ತಕ್ಷರ ಸರಿಯಾಗಿ ಕೂತಿದೆಯಾ, ಪ್ಯಾರಾದ ಕೊನೆಯ ಒಂದೇ ಸಾಲು ಮುಂದಿನ ಪುಟದ ತಲೆಯ ಮೇಲೆ ಒಂಟಿಯಾಗಿ ನಿಂತಿದೆಯಾ, ಇವನ್ನೆಲ್ಲ 18 ಸಾವಿರಕ್ಕೂ ನೋಡಬೇಕು, 30 ಸಾವಿರಕ್ಕೂ ನೋಡಬೇಕು.

ಖಾಲಿ ಜೇಬು

ಎಲ್ಲರೂ ದರ ದೇವರು ಅನ್ನುವ ಹಾಗೆ ಮಾತಾಡುತ್ತಿದ್ದೀರಿ. ನಾನೂ ಡಿಟಿಪಿಯವನೇ, ಸಣ್ಣ ಊರು. ಆಷಾಢದಲ್ಲಿ ಲಗ್ನಪತ್ರಿಕೆಯೂ ಇಲ್ಲ, ಏನೂ ಇಲ್ಲ. ಸುಮ್ನೆ ಕೂರುವ ಬದಲು 27ಕ್ಕೆ ಮಾಡುತ್ತೇನೆ. ಬಾಡಿಗೆ ನಾನು ಕಟ್ಟಬೇಕಲ್ಲ? ನಮ್ಮೂರಲ್ಲಿ 45 ಅಂದರೆ ನಗುತ್ತಾರೆ.

ದಾರಿಹೋಕ

ನಿಮ್ಮೂರಲ್ಲಿ 27 ಅಂತ ಮೊದಲೇ ಹೇಳಿ 27 ತೆಗೆದುಕೊಂಡರೆ ಅದೇ ನಿಮ್ಮ ದರ. ತಪ್ಪೇನಿಲ್ಲ. 45 ಅಂತ ಹೇಳಿ ಮಾರನೇ ದಿನ ಅದೇ ಕೆಲಸಕ್ಕೆ 27 ಅಂದರೆ, ಮೊದಲ ದಿನ 18 ರೂಪಾಯಿ ಸುಳ್ಳು ಹೇಳಿದ್ದಿರಿ ಅಂತ ಅರ್ಥ ಆಗಲ್ವಾ?

ಖಾಲಿ ಜೇಬು

ಅದು ಹೇಳಲು ಚೆನ್ನಾಗಿದೆ. ಜುಲೈ ಬಾಡಿಗೆ ಕಟ್ಟುವಾಗ ಹೀಗೆ ಅನ್ನಿಸುವುದಿಲ್ಲ.

ಎರಡನೇ ಮುದ್ರಣ

ನಾನು ದುಡ್ಡು ಕೊಡುವ ಕಡೆಯವಳು. ಎರಡು ಕಥಾಸಂಕಲನ ಸ್ವಂತ ಖರ್ಚಿನಲ್ಲಿ ತಂದಿದ್ದೇನೆ. ಮೊದಲ ಸಲ ನನಗೂ ಹೀಗೇ ಕೆಲಸ ಕಡಿಮೆ ಮಾಡಿ ಉತ್ತರ ಬಂದಿತ್ತು. "ನಿಮ್ಮ ಬಜೆಟ್ಟಿಗೆ ಇದು, ಇದು ಬರುವುದಿಲ್ಲ" ಅಂತ ಒಂದು ಪಟ್ಟಿ. ಓದಿದಾಗ ದುಡ್ಡಿಲ್ಲದವರ ಊಟದ ಎಲೆ ಹಾಕಿದ ಹಾಗೆ ಅನ್ನಿಸಿತು. ಆ ಪಟ್ಟಿಯಲ್ಲಿ ನನಗೆ ಬೇಕೇ ಬೇಕಾಗಿದ್ದ ಒಳಚಿತ್ರಗಳನ್ನೇ ತೆಗೆದಿದ್ದರು. ಬೇಡದ ದುಬಾರಿ ಮುಖಪುಟವನ್ನು ಉಳಿಸಿದ್ದರು. ನಾನು ಬೇರೆಯವರ ಹತ್ತಿರ ಹೋದೆ.

ಮೇಷ್ಟ್ರಿಗೆ ಯಾವುದು ಮುಖ್ಯ ಅಂತ ಒಂದು ಮಾತು ಕೇಳಿ. ತೆಗೆಯುವುದನ್ನು ನೀವೇ ತೀರ್ಮಾನ ಮಾಡಬೇಡಿ.

ಹಳೇಮೊಳೆ

ಕೇಳಲಿ, ಆದರೆ ಎಲ್ಲವನ್ನೂ ಮುಂದಿಟ್ಟು ಕೇಳಬಾರದು. ಕನ್ವರ್ಶನ್, ಪುಟವಿನ್ಯಾಸ ಎರಡೂ ಮುಟ್ಟುವಂತಿಲ್ಲ. ಉಳಿದದ್ದರಲ್ಲಿ ಆರಿಸಿಕೊಳ್ಳಲಿ. ಇನ್ನೊಂದು, ಮುನ್ನುಡಿ ಯಾರು ಬರೆಯುತ್ತಾರೆ ಅಂತ ಕೇಳಿದಿರಾ? ಮುನ್ನುಡಿ ಯಾವತ್ತೂ ಪುಟ ಕಟ್ಟಿದ ಮೇಲೇ ಬರುವುದು. ಎರಡು ಪುಟ ಅಂದವರು ಆರು ಪುಟ ಕೊಡುತ್ತಾರೆ. ದೊಡ್ಡವರು ಬರೆದದ್ದು, ಒಂದು ಸಾಲೂ ತೆಗೆಯುವ ಹಾಗಿಲ್ಲ. ಮೊದಲ ಪುಟಗಳಿಗೆ ರೋಮನ್ ಅಂಕಿ ಕೊಟ್ಟು, ಮುನ್ನುಡಿಗೆ ನಾಲ್ಕು ಪುಟ ಕಾದಿರಿಸಿ. ಹಾಗೆ ಮಾಡಿದರೆ ಅದು ಬೆಳೆದರೂ ಪರಿವಿಡಿಯ ಅಂಕಿ ಕೆಡುವುದಿಲ್ಲ. ಫಾರಂ ಲೆಕ್ಕ ಕೆಡಬಹುದು, ಅದು ಬೇರೆ.

ಅಕ್ಷರದಂಗಡಿ

ಇಷ್ಟೆಲ್ಲ ಓದಿ ಮೇಷ್ಟ್ರಿಗೆ ವಾಟ್ಸ್ಯಾಪ್‌ನಲ್ಲಿ ಒಂದು ಪತ್ರ ಬರೆದೆ. ಮೊದಲ ಕರಡು "ಕ್ಷಮಿಸಿ ಸರ್, ನನಗೂ ಖರ್ಚಿದೆ" ಅಂತ ಶುರುವಾಗಿತ್ತು. ಅದನ್ನು ಅಳಿಸಿದೆ. ಕಳಿಸಿದ್ದು ಇದು:

"ಮೇಷ್ಟ್ರೇ, ನಮಸ್ಕಾರ. 18,000 ಒಳಗೆ ನಿಮ್ಮ ಪುಸ್ತಕ ಅಚ್ಚಿಗೆ ಸಿದ್ಧವಾಗುವ ಹಾಗೆ ಮಾಡಬಹುದು. ಫೈಲ್ ಯೂನಿಕೋಡಿಗೆ ತರುವುದು ಮತ್ತು 224 ಪುಟದ ವಿನ್ಯಾಸ ಮೊದಲು ಹೇಳಿದ ದರದಲ್ಲೇ, ಅದೇ ಗುಣಮಟ್ಟದಲ್ಲಿ ಇರುತ್ತವೆ. ಅದಕ್ಕೆ 13,080. ಇ-ಬುಕ್ ಈಗ ಬೇಡ, ಮುಂದೆ ಯಾವಾಗ ಬೇಕಾದರೂ ಮಾಡಿಸಬಹುದು. ಕರಡನ್ನು ಪುಟ ಕಟ್ಟುವ ಮೊದಲು ನೀವೋ ನಿಮ್ಮ ಸ್ನೇಹಿತರೋ ನೋಡಿಕೊಡಬೇಕು, ಹಾಳೆಯ ಮೇಲೆ ಪ್ರಿಂಟ್ ತೆಗೆದು ನಾನು ಕಳಿಸುತ್ತೇನೆ. ಸೇರಿಸುವುದೆಲ್ಲ ಆಗಲೇ ಸೇರಿಸಿ. ಪುಟ ಕಟ್ಟಿದ ಮೇಲೆ ಅಕ್ಷರ ತಪ್ಪುಗಳನ್ನು ಎರಡು ಸಲ ತಿದ್ದಿಕೊಡುತ್ತೇನೆ. ಆಮೇಲೆ ಬದಲಾಯಿಸಿದರೆ ಪುಟಕ್ಕೆ 15 ರೂಪಾಯಿ. ಉಳಿದ ದುಡ್ಡಿನಲ್ಲಿ ಫೋಟೋ ಮತ್ತು ಮುಖಪುಟ ಆಗಬೇಕು. ಫೋಟೋ 12ಕ್ಕೆ ಇಳಿಸಿದರೆ 1,200, ನಿಮ್ಮ ಚಿತ್ರ ಹಾಕಿ ಒಂದೇ ನಮೂನೆಯ ಮುಖಪುಟ 3,500. ಒಟ್ಟು 17,780. ಈ ಎರಡರಲ್ಲಿ ನಿಮಗೆ ಯಾವುದು ಹೆಚ್ಚು ಮುಖ್ಯ ಅಂತ ಹೇಳಿದರೆ ಹಾಗೆ ಹೊಂದಿಸೋಣ. ಐಎಸ್‌ಬಿಎನ್‌ಗೆ ಸರ್ಕಾರದ ಶುಲ್ಕ ಇಲ್ಲ. ಅರ್ಜಿ ಹಾಕಲು ನಾನು ಕೂತು ಸಹಾಯ ಮಾಡುತ್ತೇನೆ."

ಎರಡನೇ ಮುದ್ರಣ

ಇದು ಚೆನ್ನಾಗಿದೆ. "ಮಾಡಬಹುದು" ಅಂತ ಶುರು ಆಗಿದೆ. ನನಗೆ ಬಂದದ್ದು "ಬರುವುದಿಲ್ಲ" ಅಂತ ಶುರುವಾಗಿತ್ತು.

ಖಾಲಿ ಜೇಬು

ಐಎಸ್‌ಬಿಎನ್ ಸಹಾಯ ಪುಕ್ಕಟೆ ಅಂದಿರಲ್ಲ, ಅದೂ ದರ ಇಳಿಸಿದ ಹಾಗೇ ತಾನೇ?

ಅಕ್ಷರದಂಗಡಿ

ಅರ್ಧ ಗಂಟೆ ಕೂರುತ್ತೇನೆ. ಎಸ್ಟಿಮೇಟಿನಲ್ಲಿ ಅದಕ್ಕೆ ಮೊದಲೂ ದುಡ್ಡು ಹಾಕಿರಲಿಲ್ಲ. ಆದರೂ ನಿಮ್ಮ ಮಾತು ಪೂರ್ತಿ ತಪ್ಪು ಅಂತ ಹೇಳಲಾರೆ.

ಅಕ್ಷರದಂಗಡಿ (ನಾಲ್ಕು ದಿನ ಬಿಟ್ಟು)

ಮೇಷ್ಟ್ರು ಮನೆಗೇ ಬಂದಿದ್ದರು. ಪತ್ರವನ್ನು ಪ್ರಿಂಟ್ ತೆಗೆಸಿ, ಪಕ್ಕದಲ್ಲಿ ಟಿಕ್ ಹಾಕಿಕೊಂಡು ತಂದಿದ್ದರು. ದರದ ಬಗ್ಗೆ ಒಂದು ಮಾತೂ ಆಡಲಿಲ್ಲ. ಫೋಟೋ 32ನ್ನೂ ಬಿಡುವುದಿಲ್ಲ ಎಂದರು. ಒಂದರಲ್ಲಿ ಅವರ ಹೆಂಡತಿ ಶಾಲೆಯ ಮೆಟ್ಟಿಲ ಮೇಲೆ ಕೂತಿದ್ದಾರೆ. ಈಗ ಅವರು ಇಲ್ಲ. ನಾನೇ ಆರಿಸಿದ್ದರೆ ಆ ಫೋಟೋ ತೆಗೆದುಬಿಡುತ್ತಿದ್ದೆ, ಅಷ್ಟು ಮಸುಕಾಗಿದೆ.

ಮುಖಪುಟಕ್ಕೆ ಮೊಮ್ಮಗಳು ಚಿತ್ರ ಬರೆದುಕೊಡುತ್ತಾಳಂತೆ. ಅದನ್ನು ಅಳತೆಗೆ ಹೊಂದಿಸಿ, ಬೆನ್ನುಡಿ ಸೇರಿಸಿ ಅಚ್ಚಿಗೆ ಸಿದ್ಧ ಮಾಡಲು 1,500 ಅಂದೆ. ಮುಖಪುಟದಲ್ಲಿ 2,000 ಇಳಿಯಿತು, ಫೋಟೋದಲ್ಲಿ 2,000 ಏರಿತು. ಒಟ್ಟು ಮತ್ತೆ 17,780. ಅರ್ಧ ಮುಂಗಡ ಕೊಟ್ಟು ಹೋದರು.

ಹಳೇಮೊಳೆ

ಒಳ್ಳೆಯದಾಯಿತಮ್ಮಾ. ಮೊಮ್ಮಗಳಿಗೆ ಅಳತೆ ಈಗಲೇ ಕೊಡು. ಮಕ್ಕಳು ಹಾಳೆಯ ಅಂಚಿನ ತನಕ ಬರೆಯುತ್ತಾರೆ, ಕಟಿಂಗಿನಲ್ಲಿ ತಲೆ ಹೋಗುತ್ತದೆ. ಪುಸ್ತಕದ ಬೆನ್ನಿನ ದಪ್ಪ ಮಾತ್ರ ಈಗ ಹೇಳಬೇಡ. ಪುಟ ನಿಕ್ಕಿಯಾಗಿ, ಪ್ರೆಸ್ಸಿನವರು ಕಾಗದ ಯಾವುದು ಅಂತ ಹೇಳಿದ ಮೇಲೆ ಲೆಕ್ಕ ಹಾಕು. ಫೋಟೋಗಳನ್ನು ಪಠ್ಯದ ಮಧ್ಯೆ ಹಾಕುತ್ತೀಯೋ, ಒಟ್ಟಿಗೆ ಹಿಂದೆ ಹಾಕುತ್ತೀಯೋ?

ಅಕ್ಷರದಂಗಡಿ

ಅದನ್ನು ಬರೆಯಲು ಮರೆತೆ. ಮಧ್ಯೆ ಬೇಕಂತೆ. ಹಿಂದೆ ಒಟ್ಟಿಗೆ ಹಾಕಿದರೆ 224 ದಾಟುತ್ತದೆ, ಮಧ್ಯೆ ಹಾಕಿದರೂ ದಾಟುತ್ತದೆ. ಇವತ್ತು ಲೆಕ್ಕ ಹಾಕಿದರೆ 232 ತೋರಿಸುತ್ತಿದೆ. ದಾಟಿದ ಪುಟಕ್ಕೂ 45 ಅಂತ ಪತ್ರದಲ್ಲಿ ಬರೆದಿರಲಿಲ್ಲ. ಎಂಟು ಪುಟ, 360 ರೂಪಾಯಿ. ಕೇಳಲೋ ಬೇಡವೋ ಗೊತ್ತಾಗುತ್ತಿಲ್ಲ.

ಕ್ಯಾಮೆರಾ ಚೀಲ

ಕೇಳಿ. 18 ಸಾವಿರ ದಾಟಿದರೂ ದಾಟಿದ್ದು 140 ರೂಪಾಯಿ ತಾನೇ.

ಹಳೇಮೊಳೆ

ಈ ಸಲ ಬಿಡು. ಮುಂದಿನ ಪತ್ರದಲ್ಲಿ ಬರೆ.

ದಾರಿಹೋಕ

ಬಿಟ್ಟರೆ ಅದು ದರ ಇಳಿಸಿದ ಹಾಗೇ ಆಯಿತಲ್ಲ ಸರ್!

ಹಳೇಮೊಳೆ

ಎಂಟು ಪುಟ ನಾವು ಬರೆಯಲು ಮರೆತದ್ದು, ಅವರು ಕೇಳಿದ ರಿಯಾಯಿತಿ ಅಲ್ಲ. ಅದಿರಲಿ, ಮುನ್ನುಡಿ ಬಂತಾ?

ಅಕ್ಷರದಂಗಡಿ

ಇಲ್ಲ ಸರ್. ಬರೆಯುವವರು ಅಮೆರಿಕದಲ್ಲಿ ಮಗನ ಮನೆಯಲ್ಲಿದ್ದಾರಂತೆ. ಎರಡೇ ಪುಟ ಅಂದಿದ್ದಾರಂತೆ.